ಹನ್ನೊಂದರ ಊಟ, ಎರಡರ ಉರಿ

ರಾತ್ರಿ ಹತ್ತೂವರೆ ಹೊತ್ತಿಗೆ ಚಂದಾಪುರ ಸರ್ಕಲ್ಲಿನಲ್ಲಿ ನಿಂತು ನೋಡಬೇಕು. ಬೊಮ್ಮಸಂದ್ರ, ಜಿಗಣಿ ಕಡೆಯ ಕಾರ್ಖಾನೆಗಳಲ್ಲಿ ಎರಡನೇ ಶಿಫ್ಟ್ ಬಿಟ್ಟಿರುತ್ತದೆ. ಕಂಪನಿ ಬಸ್ಸುಗಳು ಜನರನ್ನು ಇಳಿಸಿ ಮುಂದೆ ಹೋಗುತ್ತವೆ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬುಗಳು ಆನೇಕಲ್ ರಸ್ತೆಗೆ ತಿರುಗುತ್ತವೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದ ಮೇಲೆ ಅಲ್ಲಿಂದ ಆಟೊ ಹಿಡಿದು ಬರುವವರೂ ಸೇರಿಕೊಂಡಿದ್ದಾರೆ. ಇವರೆಲ್ಲರ ಹಸಿವು ಒಂದೇ ಹೊತ್ತಿಗೆ ರಸ್ತೆಗಿಳಿಯುತ್ತದೆ. ಬಾಣಲೆಯಲ್ಲಿ ಗೋಬಿ ಚಟಪಟ ಅನ್ನುತ್ತದೆ, ಎಗ್ ರೈಸಿನ ಹೊಗೆಗೆ ಕಣ್ಣು ಉರಿಯುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿ, ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ. ತಿಂದು ಮನೆಗೆ ಹೋಗಿ ಹನ್ನೊಂದೂವರೆಗೆ ಮಲಗಿದವರಲ್ಲಿ ಒಂದಷ್ಟು ಜನ ಎರಡು ಗಂಟೆಗೆ ಎದ್ದು ಕೂರುತ್ತಾರೆ.

ನನ್ನ ಅಕ್ಕನ ಮಗ ಹಾಗೆ ಎದ್ದು ಕೂರುವವರಲ್ಲಿ ಒಬ್ಬ. ಮೂವತ್ತನಾಲ್ಕು ವರ್ಷ. ತಿಂಗಳಲ್ಲಿ ಎರಡು ವಾರ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಕೆಲಸ. ಆ ಎರಡು ವಾರದಲ್ಲೇ ಅವನಿಗೆ ಎದೆಯುರಿ. 'ಮಾಮ, ನಿದ್ದೇಲಿ ಗಂಟ್ಲಿಗೆ ಹುಳಿನೀರು ಬಂದ್ಬಿಡುತ್ತೆ. ಕೆಮ್ಮಿ ಕೆಮ್ಮಿ ಏಳ್ತೀನಿ. ಆಮೇಲೆ ಗೋಡೆಗೆ ಒರಗಿ ಕೂತ್ಕೋಬೇಕು' ಅಂದ. ಅವನು ಅದನ್ನು ಕರೆಯುವುದು ಗ್ಯಾಸ್ಟ್ರಿಕ್ ಅಂತ. ನಮ್ಮೂರಲ್ಲಿ ಎದೆಯಿಂದ ಹೊಕ್ಕಳವರೆಗೆ ಆಗುವ ತೊಂದರೆಗೆಲ್ಲ ಅದೊಂದೇ ಹೆಸರು. ಹೊಟ್ಟೆಯುಬ್ಬರವೂ ಗ್ಯಾಸ್ಟ್ರಿಕ್, ಹುಳಿತೇಗೂ ಗ್ಯಾಸ್ಟ್ರಿಕ್, ಕೆಲವೊಮ್ಮೆ ಹೃದಯಾಘಾತವೂ ಗ್ಯಾಸ್ಟ್ರಿಕ್. ಈ ಕೊನೆಯದರ ಬಗ್ಗೆ ಮುಂದೆ ಹೇಳುತ್ತೇನೆ.

ಅವನಿಗೆ ಯಾರೋ ಖಾರ ಬಿಡು, ಹುಳಿ ಬಿಡು ಅಂದಿದ್ದರು. ಒಂದು ವಾರ ಬರೀ ಸಪ್ಪೆ ಬೇಳೆಕಟ್ಟು ಅನ್ನ ಉಂಡ. ಆದರೆ ಉಂಡದ್ದು ಅದೇ ಹನ್ನೊಂದು ಗಂಟೆಗೆ, ಅದೇ ತಟ್ಟೆ ತುಂಬ. ಉರಿ ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಎಂಟನೇ ದಿನ ಸಿಟ್ಟಿಗೆದ್ದು ಉಪ್ಪಿನಕಾಯಿ ಜಾಡಿಗೇ ಕೈ ಹಾಕಿದ. ಖಾರ ಬಿಡುವ ಪಥ್ಯ ಹೆಚ್ಚಿನವರಲ್ಲಿ ಮುರಿದುಬೀಳುವುದು ಹೀಗೇ. ಅವನ ವಿಷಯದಲ್ಲಿ ತಪ್ಪು ತಟ್ಟೆಯೊಳಗೆ ಇದ್ದದ್ದಕ್ಕಿಂತ ಹೆಚ್ಚಾಗಿ ಗಡಿಯಾರದಲ್ಲಿತ್ತು.

ಹೊಟ್ಟೆಯೊಳಗೆ ಆಗುವುದೇನು ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಅನ್ನನಾಳ ಜಠರವನ್ನು ಸೇರುವ ಕಡೆ ಒಂದು ಸ್ನಾಯುವಿನ ಬಳೆ ಇದೆ. ಸಂಚಿಯ ಬಾಯಿಗೆ ಹಾಕಿದ ದಾರದ ಹಾಗೆ ಅದು ಬಿಗಿದುಕೊಂಡಿರುತ್ತದೆ. ನುಂಗಿದಾಗ ಸಡಿಲವಾಗುತ್ತದೆ, ತೇಗು ಬರುವಾಗಲೂ ಸಡಿಲವಾಗುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡಾಗ ಜಠರದ ಮೇಲ್ಭಾಗ ಹಿಗ್ಗುತ್ತದೆ. ಹಿಗ್ಗಿದಷ್ಟೂ ಈ ದಾರ ಮತ್ತೆ ಮತ್ತೆ ತಾನಾಗಿ ಸಡಿಲಗೊಳ್ಳುತ್ತದೆ. ಕುಳಿತಿದ್ದರೆ, ನಿಂತಿದ್ದರೆ ಮೇಲೆ ಬಂದ ಆಮ್ಲ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಉಳಿದ ಚೂರನ್ನು ನಾವು ನುಂಗುವ ಜೊಲ್ಲು ತೊಳೆಯುತ್ತದೆ, ಜೊಲ್ಲು ಕ್ಷಾರಗುಣದ್ದು. ಮಲಗಿದಾಗ ಈ ಎರಡು ಅನುಕೂಲವೂ ತಪ್ಪುತ್ತವೆ. ಸಂಚಿ ಅಡ್ಡ ಬಿದ್ದಿರುತ್ತದೆ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಅಪರೂಪ. ಹಗಲು ಒಂದೆರಡು ನಿಮಿಷದಲ್ಲಿ ತೊಳೆದುಹೋಗುವ ಆಮ್ಲ ರಾತ್ರಿ ಬಹಳ ಹೊತ್ತು ಅಲ್ಲೇ ಕೂತಿರುತ್ತದೆ.

ಇನ್ನೊಂದು ವಿಷಯ ಸ್ವಲ್ಪ ವಿಚಿತ್ರ. ಉಂಡ ಅನ್ನ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸುತ್ತದೆ, ಹಾಗಾಗಿ ಉಂಡ ಕೂಡಲೇ ಉರಿ ಬರಬಾರದು ಅನ್ನುವುದು ಹಳೆಯ ಲೆಕ್ಕ. ಆದರೂ ಎದೆಯುರಿ ಬರುವುದು ಊಟದ ನಂತರವೇ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯರು 2001ರಲ್ಲಿ ಇದಕ್ಕೆ ಕಾರಣ ತೋರಿಸಿಕೊಟ್ಟರು. ಊಟದ ನಂತರ ಹೊಸದಾಗಿ ಊರಿದ ಆಮ್ಲವೆಲ್ಲ ಅನ್ನದ ಜೊತೆ ಬೆರೆಯುವುದಿಲ್ಲ. ಒಂದು ಪಾಲು ಅನ್ನದ ಮೇಲೆ, ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವ ಹಾಗೆ, ಸರಿಯಾಗಿ ಆ ದಾರದ ಬಾಯಿಯ ಕೆಳಗೇ ಒಂದು ಪದರವಾಗಿ ನಿಲ್ಲುತ್ತದೆ. ಉಂಡ ಮೊದಲ ಒಂದೆರಡು ಗಂಟೆ ಈ ಪದರದ ಆಟ ಜೋರು. ಅಷ್ಟರೊಳಗೆ ಅಡ್ಡ ಮಲಗಿದರೆ ಅದು ನೇರ ಅನ್ನನಾಳಕ್ಕೆ ಹರಿಯುತ್ತದೆ.

ಜಪಾನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಆಮ್ಲ ಮೇಲೆ ಬರುವ ಕಾಯಿಲೆಯ ರೋಗಿಗಳನ್ನೂ ಆರೋಗ್ಯವಂತರನ್ನೂ ಕೂರಿಸಿಕೊಂಡು ರಾತ್ರಿ ಊಟಕ್ಕೂ ಹಾಸಿಗೆಗೂ ನಡುವೆ ಎಷ್ಟು ಹೊತ್ತು ಅಂತ ಕೇಳಿತು. ನಾಲ್ಕು ಗಂಟೆ ಅಥವಾ ಇನ್ನೂ ಹೆಚ್ಚು ಬಿಡುವವರಿಗೆ ಹೋಲಿಸಿದರೆ ಮೂರು ಗಂಟೆಯೊಳಗೆ ಮಲಗುವವರಲ್ಲಿ ಈ ಕಾಯಿಲೆಯ ಸಂಭವ ಸುಮಾರು ಏಳು ಪಟ್ಟು ಕಂಡುಬಂತು. ಖಾರ, ಹುಳಿ, ಕಾಫಿ ಬಿಟ್ಟರೆ ವಾಸಿಯಾಗುತ್ತದೆ ಅನ್ನುವುದಕ್ಕೆ ಇಷ್ಟು ಗಟ್ಟಿಯಾದ ಆಧಾರ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ಅವರ ತಕ್ಕಡಿಯಲ್ಲಿ ತೂಗಿದ್ದು ಎರಡೇ: ತೂಕ ಇಳಿಸುವುದು, ಮಂಚದ ತಲೆಯ ಕಡೆ ಎತ್ತರಿಸುವುದು. ಇಂಥದ್ದನ್ನು ತಿನ್ನಬೇಡಿ ಅನ್ನುವ ಪಟ್ಟಿಗೆ ಆಧಾರ ಸಾಲದು ಅಂದರು.

ಹಾಗಂತ ಮೆಣಸಿನಕಾಯಿ ಸಾಚಾ ಅಲ್ಲ. ಅದರಲ್ಲಿರುವ ಕ್ಯಾಪ್ಸೈಸಿನ್ ನಮ್ಮ ನರಗಳ ಮೇಲಿನ ಬಿಸಿಯ ಗುಂಡಿಯನ್ನು ಒತ್ತುತ್ತದೆ. ಸುಡುನೀರು ಬಿದ್ದಾಗ ಒತ್ತಿಕೊಳ್ಳುವ ಗುಂಡಿಯೂ ಅದೇ. ಇದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಆ ಗುಂಡಿ ನಾಲಿಗೆಯ ಮೇಲಷ್ಟೇ ಅಲ್ಲ, ಅನ್ನನಾಳದಲ್ಲೂ ಇದೆ. ಆಮ್ಲ ಬಿದ್ದು ಬಿದ್ದು ಆಗಲೇ ಕೆಂಪಾದ ಅನ್ನನಾಳದ ಮೇಲೆ ಖಾರ ಹಾದುಹೋಗುವುದೆಂದರೆ ತರಚಿದ ಮೊಣಕಾಲಿಗೆ ಖಾರದ ಪುಡಿ ತಾಕಿದಂತೆ. ಹುಣಸೆ, ನಿಂಬೆ, ಟೊಮೆಟೊದ ಕತೆಯೂ ಇದೇ. ಇವು ಗಾಯ ಮಾಡುವುದಕ್ಕಿಂತ ಹೆಚ್ಚಾಗಿ, ಆದ ಗಾಯವನ್ನು ಕೆಣಕುತ್ತವೆ. ಎಣ್ಣೆಯದು ಬೇರೆ ತಕರಾರು. ಕರಿದ ಪದಾರ್ಥ, ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತವೆ. ಸಾಮಾನ್ಯ ಊಟ ಜಠರದಿಂದ ಇಳಿಯಲು ಮೂರು-ನಾಲ್ಕು ಗಂಟೆ ಬೇಕು, ಬಿರಿಯಾನಿಗೆ ಇನ್ನೂ ಹೆಚ್ಚು. ಹಾಗಾಗಿ ನಾನು ಅಕ್ಕನ ಮಗನಿಗೆ ಹೇಳಿದ್ದು ಇಷ್ಟೇ: ಖಾರವನ್ನು ಬಿಡಬೇಡ, ಅದರ ಹೊತ್ತು ಬದಲಿಸು.

ಅವನ ದಿನ ಹೀಗಿತ್ತು. ಬೆಳಗ್ಗೆ ಒಂಬತ್ತೂವರೆಗೆ ಏಳುವುದು, ಎರಡು ಕಾಫಿ. ಹನ್ನೆರಡಕ್ಕೆ ಅವಸರದಲ್ಲಿ ಮೂರು ಇಡ್ಲಿಯೋ ಚಿತ್ರಾನ್ನವೋ. ಒಂದು ಗಂಟೆಗೆ ಬಸ್ಸು. ಸಂಜೆ ಐದಕ್ಕೆ ಟೀ, ಜೊತೆಗೆ ಬೋಂಡ. ಏಳು ಗಂಟೆಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಊಟದ ಬಿಡುವು. ಆದರೆ ಅಲ್ಲಿನ ಸಾಂಬಾರು ಅವನಿಗೆ ಹಿಡಿಸದು. ಅಲ್ಲಿ ಎರಡು ತುತ್ತು ಉಂಡು, ಮನೆಯ ಊಟಕ್ಕೆ ಹೊಟ್ಟೆ ಕಾಯ್ದಿರಿಸುತ್ತಿದ್ದ. ಅಕ್ಕನೂ ಮಗ ಬರುತ್ತಾನೆಂದು ಹತ್ತೂಮುಕ್ಕಾಲಿಗೆ ಬಿಸಿ ಬಿಸಿ ಮುದ್ದೆ, ಹುಳಿಸಾರು, ಜೊತೆಗೆ ಆಮ್ಲೆಟ್ಟು. ದಿನದ ದೊಡ್ಡ ಊಟ ಅದೇ. ಅಮ್ಮನ ಅಕ್ಕರೆ ಮಗನನ್ನು ಎರಡು ಗಂಟೆಗೆ ಎಬ್ಬಿಸಿ ಕೂರಿಸುತ್ತಿತ್ತು ಅಂತ ಅಕ್ಕನ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ಸುತ್ತಿಬಳಸಿ ಹೇಳಿದೆ.

ಬದಲಾವಣೆ ಅಡುಗೆಮನೆಯಿಂದಲೇ ಶುರುವಾಯಿತು. ಆನೇಕಲ್ ಸೀಮೆಯ ನಮಗೆ ಒಂದು ಸಾರು ಹುಟ್ಟಿನಿಂದ ಗೊತ್ತು, ಉಪ್ಪುಸಾರು. ಈ ಸಮಸ್ಯೆಗೆಂದೇ ಯಾರೋ ಕೂತು ಯೋಚಿಸಿದ ಹಾಗಿದೆ ಅದು. ಬೇರೆ ಸಾರುಗಳಲ್ಲಿ ಖಾರ, ಹುಳಿ ಪಾತ್ರೆಯಲ್ಲೇ ಬೆರೆತುಹೋಗಿರುತ್ತವೆ. ಮನೆಯವರೆಲ್ಲ ಒಂದೇ ಖಾರ ಉಣ್ಣಬೇಕು. ಉಪ್ಪುಸಾರಿನಲ್ಲಿ ಹಾಗಲ್ಲ. ಕಾಳು, ಸೊಪ್ಪು ಬೇಯಿಸಿದ ಕಟ್ಟು ಬರೀ ಉಪ್ಪಿನದು. ಖಾರ ಬೇರೆ ಬಟ್ಟಲಲ್ಲಿ ಕೂತಿರುತ್ತದೆ. ತಟ್ಟೆಯ ಅಂಚಿಗೆ ಎಷ್ಟು ಬೇಕೋ ಅಷ್ಟು ಇಟ್ಟುಕೊಂಡು ಕಟ್ಟಿನಲ್ಲಿ ಕಲಸಿಕೊಳ್ಳುವುದು ಉಣ್ಣುವವನ ಕೈಯಲ್ಲೇ ಇದೆ. ಒಂದೇ ಅಡುಗೆಯಲ್ಲಿ ಮಧ್ಯಾಹ್ನದ ಖಾರವೂ ರಾತ್ರಿಯ ಸಪ್ಪೆಯೂ ಆಗುತ್ತದೆ. ಎರಡು ಒಲೆ, ಎರಡು ಪಾತ್ರೆ ಬೇಡ.

ಮೂರು ಜನಕ್ಕೆ ಅಕ್ಕ ಮಾಡುವ ಲೆಕ್ಕ ಹೀಗೆ. ಒಂದು ಬಟ್ಟಲು ಹೆಸರುಕಾಳು ಅಥವಾ ತೊಗರಿಬೇಳೆ, ಒಂದು ಕಟ್ಟು ದಂಟಿನ ಸೊಪ್ಪು, ಐದಾರು ಲೋಟ ನೀರು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ ಬೇಯಿಸಿ, ಕಟ್ಟನ್ನು ಬಸಿದಿಡುವುದು. ಬಸಿದ ಸೊಪ್ಪು-ಕಾಳಿಗೆ ಒಂದೇ ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಚೆನ್ನಾಗಿ ಬಾಡಿಸಿದ ಈರುಳ್ಳಿ ಹಾಕಿದರೆ ಪಲ್ಯ. ಇನ್ನು ಖಾರ. ಅಕ್ಕ ಮೊದಲು ಹತ್ತು ಹಸಿಮೆಣಸಿನಕಾಯಿ, ಕಾಳುಮೆಣಸು, ಹಸಿ ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಹಾಕಿ ರುಬ್ಬುತ್ತಿದ್ದಳು. ಈಗ ನಾಲ್ಕು ಬ್ಯಾಡಗಿ ಮೆಣಸಿನಕಾಯಿ. ಸೀಳಿ ಬೀಜದ ಜೊತೆಗೆ ಒಳಗಿನ ಬಿಳಿ ನಾರನ್ನೂ ತೆಗೆಯುತ್ತಾಳೆ, ಏಕೆಂದರೆ ಖಾರ ಕೂತಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಆ ನಾರಿನಲ್ಲಿ. ಬ್ಯಾಡಗಿಯದು ಬಣ್ಣ ಜಾಸ್ತಿ, ಖಾರ ಕಡಿಮೆ. ಕಣ್ಣಿಗೆ ಕೆಂಪಗೆ ಕಂಡರೆ ನಾಲಿಗೆ ಅರ್ಧ ಒಪ್ಪಿಕೊಳ್ಳುತ್ತದೆ. ಅದಕ್ಕೆ ಒಂದು ಚಮಚ ಹುರಿದ ಜೀರಿಗೆ, ಸಿಪ್ಪೆ ಸಮೇತ ಸುಟ್ಟ ಆರೆಂಟು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡು ಚಮಚ ಕಾಯಿತುರಿ, ಹುಣಸೆಬೀಜದಷ್ಟು ಹುಣಸೆಹಣ್ಣು. ಹಸಿ ಬೆಳ್ಳುಳ್ಳಿ, ಹಸಿ ಈರುಳ್ಳಿ ಕೆಲವರಿಗೆ ಎದೆಯುರಿ ತರುತ್ತವೆ. ಸುಟ್ಟದ್ದು, ಬಾಡಿಸಿದ್ದು ಹೆಚ್ಚಿನವರಿಗೆ ತಡೆಯುತ್ತದೆ.

ಈ ಖಾರದ ಜೊತೆ ಮುದ್ದೆ ಉಣ್ಣುವುದು ಈಗ ಮಧ್ಯಾಹ್ನ ಹನ್ನೆರಡಕ್ಕೆ. ದಿನದ ದೊಡ್ಡ ಊಟ ಅಲ್ಲಿಗೆ ಬಂತು. ಅವನಿಗೆ ಬೇಕಾದ ಖಾರ, ಹುಳಿ, ವಾರಕ್ಕೊಮ್ಮೆ ಕೋಳಿಸಾರು, ಎಲ್ಲ ಆಗಲೇ. ಉಂಡ ಮೇಲೆ ಅವನು ಹನ್ನೊಂದು ಗಂಟೆ ಕಾಲ ಎದ್ದೇ ಇರುತ್ತಾನೆ, ಬಹುಪಾಲು ನಿಂತೇ ಇರುತ್ತಾನೆ. ಮೇಲೆ ಬಂದದ್ದು ಕೆಳಗಿಳಿಯಲು ಅಷ್ಟು ಸಮಯ ಧಾರಾಳವಾಗಿ ಸಾಕು. ಮೊದಲ ಮೂರು ದಿನ 'ಎದ್ದ ತಕ್ಷಣ ಮುದ್ದೆ ಹೇಗೆ ಇಳಿಯುತ್ತೆ ಮಾಮ' ಅಂದ. ರಾತ್ರಿ ಊಟ ಸಣ್ಣದಾದ ಮೇಲೆ ಬೆಳಗ್ಗೆ ಹಸಿವು ತಾನಾಗಿ ಬಂತು.

ಎರಡನೆಯದು ಏಳು ಗಂಟೆಯ ಬಿಡುವು. ಅದನ್ನು ಕೈಬಿಟ್ಟರೆ ಉಳಿದದ್ದೆಲ್ಲ ದಂಡ. ಕ್ಯಾಂಟೀನ್ ಹಿಡಿಸದಿದ್ದರೆ ಡಬ್ಬಿ ಒಯ್ಯಬೇಕು. ಮುದ್ದೆ ಆರಿದರೆ ಕಲ್ಲು, ಹಾಗಾಗಿ ಡಬ್ಬಿಗೆ ಮೆತ್ತಗಿನ ಅನ್ನ ಅಥವಾ ಎರಡು ಚಪಾತಿ. ಜೊತೆಗೆ ಹೀರೆಕಾಯಿ, ಸೋರೆಕಾಯಿ, ಪಡವಲಕಾಯಿ, ಬೂದುಗುಂಬಳ ಇವುಗಳಲ್ಲಿ ಒಂದನ್ನು ಹೆಸರುಬೇಳೆ ಜೊತೆ ಬೇಯಿಸಿದ ಗಟ್ಟಿ ಕೂಟು. ಸೋರೆಕಾಯಿ ಅಂದ ಕೂಡಲೇ ಅವನ ಮುಖ ಬಾಡಿತು. ಖಾರ ತಿನ್ನುವ ನಾಲಿಗೆಗೆ ಬೇಕಾದ್ದು ಉರಿಯೊಂದೇ ಅಲ್ಲ, ಬಾಯಲ್ಲಿ ಏನೋ ನಡೆಯುತ್ತಿದೆ ಅನ್ನುವ ಗದ್ದಲ. ಆ ಗದ್ದಲವನ್ನು ಬೇರೆಯವರಿಂದಲೂ ಮಾಡಿಸಬಹುದು. ಇಂಗು ಸ್ವಲ್ಪ ಧಾರಾಳವಾಗಿ, ಚಟಪಟ ಸಿಡಿದ ಜೀರಿಗೆ, ಗರಿಗರಿ ಕರಿಬೇವು, ಹುರಿದು ಕುಟ್ಟಿದ ಧನಿಯ, ಒಂದು ಚೂರು ಶುಂಠಿ, ಕೊನೆಗೆ ಹುರಿಗಡಲೆ ಪುಡಿ. ಹುಳಿಯನ್ನು ಕುದಿಸುವ ಬದಲು ಇಳಿಸಿದ ಮೇಲೆ ನಾಲ್ಕೇ ಹನಿ ನಿಂಬೆರಸ ಹಾಕಿದರೆ ಕಡಿಮೆ ಹುಳಿಯಲ್ಲೇ ಹೆಚ್ಚು ಪರಿಮಳ ಬರುತ್ತದೆ. ಆ ನಾಲ್ಕು ಹನಿಗೂ ಉರಿ ಬಂದರೆ ಅದನ್ನೂ ಬಿಡಬೇಕು. ಅಕ್ಕನ ಮಗನಿಗೆ ಬರಲಿಲ್ಲ.

ಮೂರನೆಯದೇ ಕಷ್ಟದ್ದು. ರಾತ್ರಿ ಹತ್ತೂಮುಕ್ಕಾಲಿಗೆ ಮನೆಗೆ ಬಂದವನಿಗೆ ಹಸಿವಿರುತ್ತದೆ. ಏನೂ ತಿನ್ನಬೇಡ ಅನ್ನುವ ವೈದ್ಯರೂ ಇದ್ದಾರೆ. ಪುಸ್ತಕದ ಪ್ರಕಾರ ಅದೇ ಸರಿ. ಆದರೆ ಹಸಿದು ಮಲಗಿದವನು ಮೂರನೇ ದಿನ ಗೋಬಿ ಅಂಗಡಿಯ ಮುಂದೆ ನಿಂತಿರುತ್ತಾನೆ ಅನ್ನುವುದು ನನ್ನ ಅನುಭವ. ಅದಕ್ಕೇ ಒಂದು ಲೋಟದ ರಾಜಿ ಮಾಡಿಕೊಂಡೆವು. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ಕುದಿಯುವ ನೀರಿಗೆ ಬಿಟ್ಟು ಐದಾರು ನಿಮಿಷ ತಿರುವಿ ಬೇಯಿಸಬೇಕು. ಬೆಚ್ಚಗಾದ ಮೇಲೆ ಕಾಲು ಲೋಟ ಹುಳಿಯಿಲ್ಲದ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಕಿವುಚಿದ ಕರಿಬೇವು. ನಮ್ಮ ಹಿರಿಯರ ಅಂಬಲಿ ರಾತ್ರಿಯಿಡೀ ಹುಳಿಬರಿಸಿದ್ದು, ಬೆಳಗಿಗೆ ಬಹಳ ಒಳ್ಳೆಯದು. ಮಲಗುವ ಮುಂಚೆ ಆ ಹುಳಿ ಬೇಡ, ಆಗಷ್ಟೇ ಕಾಸಿದ್ದು ಸಾಕು. ಪ್ರಮಾಣ ಒಂದೇ ಲೋಟ. ಒಳ್ಳೆಯದು ಅಂತ ಚೊಂಬು ತುಂಬ ಕುಡಿದರೆ ಜಠರ ಹಿಗ್ಗುವುದು ಹಿಗ್ಗಿಯೇ ಹಿಗ್ಗುತ್ತದೆ.

ಗಂಜಿ ಬೇಸರವಾದ ದಿನ ಒಂದು ಸಣ್ಣ ಬಟ್ಟಲು ಮೊಸರನ್ನ, ಅದೂ ಪ್ರಯಾಣದ ಮೊಸರನ್ನ. ದೂರದ ಊರಿಗೆ ಬುತ್ತಿ ಕಟ್ಟುವಾಗ ನಮ್ಮ ಹೆಂಗಸರು ಮಾಡುವ ಉಪಾಯ ಗೊತ್ತಲ್ಲ? ಬಿಸಿ ಅನ್ನವನ್ನು ಮಿದ್ದು, ಆರಿಸಿ, ಹಾಲು ಹಾಕಿ ಕಲಸಿ, ಮೇಲೆ ಒಂದೇ ಚಮಚ ಮೊಸರು ಬೆರೆಸುತ್ತಾರೆ. ನಾಲ್ಕೈದು ಗಂಟೆ ಕಳೆದು ಬುತ್ತಿ ಬಿಚ್ಚುವ ಹೊತ್ತಿಗೆ ಅದು ಹುಳಿಯಿಲ್ಲದ ಮೊಸರನ್ನವಾಗಿರುತ್ತದೆ. ಅಕ್ಕ ಸಂಜೆ ಏಳಕ್ಕೆ ಕಲಸಿಟ್ಟರೆ ಹನ್ನೊಂದಕ್ಕೆ ಹದ. ಹಸಿಮೆಣಸಿನಕಾಯಿ ಒಗ್ಗರಣೆಗೆ ಬದಲು ಶುಂಠಿ, ಜೀರಿಗೆ. ಉಪ್ಪಿನಕಾಯಿ ಜಾಡಿ ಮೇಜಿನ ಮೇಲಿರಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಮನೋಬಲವನ್ನೂ ನಂಬುವುದಿಲ್ಲ.

ಲೋಟ ಖಾಲಿ ಮಾಡಿದ ಮೇಲೂ ಮುಕ್ಕಾಲು ಗಂಟೆ, ಒಂದು ಗಂಟೆ ಕೂತಿರಬೇಕು. ಅವನು ಮೊದಲು ಉಂಡ ಕೂಡಲೇ ದಿಂಬಿಗೆ ಒರಗಿ ಮೊಬೈಲ್ ನೋಡುತ್ತಿದ್ದ. ಅರ್ಧ ಮಲಗಿದ ಆ ಭಂಗಿಯಲ್ಲಿ ಹೊಟ್ಟೆ ಮಡಚಿಕೊಂಡು ಒತ್ತಡ ಇನ್ನೂ ಹೆಚ್ಚುತ್ತದೆ. ಅದೇ ಮೊಬೈಲನ್ನು ಬೆನ್ನು ನೆಟ್ಟಗಿಟ್ಟು ಕುರ್ಚಿಯಲ್ಲಿ ಕೂತು ನೋಡು ಅಂದೆ. ಮಲಗುವಾಗ ಎಡಮಗ್ಗುಲು. ಆಗ ಜಠರ ಅನ್ನನಾಳಕ್ಕಿಂತ ತಗ್ಗಿನಲ್ಲಿರುತ್ತದೆ, ಮೇಲೆ ಬಂದ ಆಮ್ಲ ಬೇಗ ಹಿಂದಿರುಗುತ್ತದೆ. ಬಲಮಗ್ಗುಲಾದರೆ ಲೆಕ್ಕ ತಿರುವುಮುರುವು. ಮಂಚದ ತಲೆಯ ಕಡೆಯ ಎರಡು ಕಾಲಿಗೆ ಆರರಿಂದ ಎಂಟು ಇಂಚು ಎತ್ತರದ ಮರದ ತುಂಡು ಅಥವಾ ಇಟ್ಟಿಗೆ ಕೊಡಬೇಕು. ಎರಡು ದಿಂಬು ಪೇರಿಸಿದರೆ ಆಗದು, ಕತ್ತು ಬಾಗುತ್ತದೆಯೇ ಹೊರತು ಎದೆ ಎತ್ತರವಾಗುವುದಿಲ್ಲ. ಪಿಜಿಗಳಲ್ಲಿ ನೆಲದ ಮೇಲೆ ಮಲಗುವ ಹುಡುಗರು ಹಾಸಿಗೆಯ ಅಡಿಗೆ, ಸೊಂಟದಿಂದ ಮೇಲಕ್ಕೆ ಏರುವಂತೆ, ಕಂಬಳಿಗಳನ್ನು ಮಡಿಸಿ ಇಳಿಜಾರು ಮಾಡಿಕೊಳ್ಳಬಹುದು.

ಮೊದಲ ವಾರ ಐದು ರಾತ್ರಿಗಳಲ್ಲಿ ಎರಡು ರಾತ್ರಿ ಎದ್ದ. ಎರಡನೇ ವಾರ ಒಂದೇ ರಾತ್ರಿ. ಆ ಒಂದು ರಾತ್ರಿ ಶುಕ್ರವಾರ, ಜೊತೆಯವನ ಹುಟ್ಟುಹಬ್ಬ, ಹನ್ನೊಂದೂವರೆಗೆ ಬಿರಿಯಾನಿ, ಮೇಲೆ ತಂಪು ಪಾನೀಯ. ಅವನು ನನಗೆ ಹೇಳದಿದ್ದರೂ ಚೀಟಿಯಲ್ಲಿ ಬರೆದಿದ್ದ. ಚೀಟಿ ಅಂದರೆ ನಾಲ್ಕೇ ಕಲಂ: ಕೊನೆಯ ತುತ್ತು ಎಷ್ಟು ಹೊತ್ತಿಗೆ, ಏನು, ಮಲಗಿದ್ದು ಎಷ್ಟಕ್ಕೆ, ಎದ್ದೆನೋ ಇಲ್ಲವೋ. ಎರಡು ವಾರ ಬರೆದರೆ ನಿಮ್ಮ ಶತ್ರು ಯಾರೆಂದು ಗೊತ್ತಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು. ಇವನಿಗೆ ಟೊಮೆಟೊ ಏನೂ ಮಾಡಲಿಲ್ಲ, ಸಂಜೆಯ ಬೋಂಡ ಮಾಡಿತು. ಒಂದು ಸಲಕ್ಕೆ ಒಂದನ್ನೇ ಬಿಟ್ಟು ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ ಜನ್ಮಪೂರ್ತಿ ಪಥ್ಯದಲ್ಲೇ ಇರಬೇಕಾಗುತ್ತದೆ.

ನಮ್ಮ ಮನೆಮದ್ದುಗಳಲ್ಲಿ ಕೆಲವು ಇಲ್ಲಿ ಕೈಕೊಡುತ್ತವೆ. ರಾತ್ರಿ ಊಟ ಜಾಸ್ತಿಯಾಯಿತೆಂದು ನಿಂಬೆ ಸೋಡ, ಜೀರಾ ಸೋಡ ಕುಡಿಯುವ ಪದ್ಧತಿ ಸರ್ಕಲ್ಲಿನಲ್ಲಿ ಜೋರಾಗಿದೆ. ಸೋಡದ ಗಾಳಿ ತೇಗಾಗಿ ಬರುವಾಗ ಹಗುರವೆನಿಸುವುದು ನಿಜ, ಆದರೆ ಪ್ರತಿ ತೇಗಿಗೂ ಆ ದಾರ ಸಡಿಲವಾಗುತ್ತದೆ, ಗಾಳಿಯ ಜೊತೆ ಆಮ್ಲವೂ ಬರುತ್ತದೆ. ಜೀರಿಗೆ ಬೇಕಿದ್ದರೆ ಜೀರಿಗೆ ಕುದಿಸಿದ ನೀರು ಸಾಕು. ಪುದಿನ ಹೊಟ್ಟೆಗೆ ತಂಪು ಅನ್ನುತ್ತಾರೆ, ಆದರೆ ಅದು ಸ್ನಾಯುವನ್ನು ಸಡಿಲಿಸುವ ಸೊಪ್ಪು, ಕೆಲವರಿಗೆ ಉರಿ ಹೆಚ್ಚುತ್ತದೆ. ಜೀರ್ಣಕ್ಕೆ ಒಳ್ಳೆಯದೆಂದು ಮಲಗುವ ಮುಂಚೆ ಕೊಡುವ ಮೆಣಸಿನ ಸಾರಿನಲ್ಲಿ ಹುಣಸೆ, ಟೊಮೆಟೊ, ಕಾಳುಮೆಣಸು ಮೂರೂ ಸೇರಿರುತ್ತವೆ. ನೆಗಡಿಗೆ ಸರಿ, ಎದೆಯುರಿಗೆ ಅಲ್ಲ. ತಣ್ಣನೆಯ ಹಾಲು ಕುಡಿದ ಕೂಡಲೇ ಉರಿ ಆರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಅದೇ ಹಾಲು ಜಠರದಿಂದ ಹೊಸ ಆಮ್ಲ ಸುರಿಸುತ್ತದೆ. ಅರ್ಧ ಲೋಟ ಕುಡಿದರೆ ತಪ್ಪಲ್ಲ, ಔಷಧಿಯೆಂದು ನಂಬಬಾರದು.

ಮಾತ್ರೆಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ಮನೆಮನೆಗೂ ಇದೆ. ಪ್ಯಾಂಟಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳನ್ನು ಉರಿ ಬಂದಾಗ, ಊಟ ಆದ ಮೇಲೆ, ಮಲಗುವಾಗ ನುಂಗುತ್ತಾರೆ. ಅವು ಆಮ್ಲ ಊರುವ ಪಂಪನ್ನು ನಿಲ್ಲಿಸುವ ಮಾತ್ರೆಗಳು. ಪಂಪು ಚಾಲೂ ಆಗುವುದು ಊಟಕ್ಕೆ, ಹಾಗಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಮಾತ್ರೆ ನುಂಗಬೇಕು. ಬೆಳಗ್ಗೆ ಖಾಲಿ ಹೊಟ್ಟೆಗೆ ಅಂತ ವೈದ್ಯರ ಚೀಟಿಯಲ್ಲಿ ಬರೆದಿದ್ದರೂ ಶಿಫ್ಟಿನವರಿಗೆ ಬೆಳಗ್ಗೆ ಅನ್ನುವುದೇ ಬೇರೆ ಹೊತ್ತು. ಇವನು ಮಾತ್ರೆ ನುಂಗಿ ಎರಡೂವರೆ ಗಂಟೆ ಬಿಟ್ಟು ಉಣ್ಣುತ್ತಿದ್ದ. ನಿಮ್ಮ ದಿನದ ಮೊದಲ ದೊಡ್ಡ ಊಟ ಯಾವುದು ಎಂದು ವೈದ್ಯರಿಗೆ ಹೇಳಿ ಹೊತ್ತು ಬರೆಸಿಕೊಳ್ಳಿ. ಅವರನ್ನು ಕೇಳದೆ ತಿಂಗಳುಗಟ್ಟಲೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವುದೂ ಬೇಡ.

ಊಟ ತಿದ್ದಿದರೆ ಸರಿಹೋಗುವ ಕಾಯಿಲೆಗೆ ಒಂದು ಗಡಿಯಿದೆ. ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಡಾಂಬರಿನಂತೆ ಕಪ್ಪು ಮಲ, ರಕ್ತ ವಾಂತಿ, ರಕ್ತಹೀನತೆ ಇದ್ದರೆ ಗಂಜಿ ಕಾಸುತ್ತ ಕೂರದೆ ಎಂಡೋಸ್ಕೋಪಿಗೆ ಹೋಗಬೇಕು. ಹಸಿದಾಗ ನೋವು ಬಂದು ಉಂಡಾಗ ಕಡಿಮೆಯಾದರೆ ಅದು ಹುಣ್ಣಿನ ಲಕ್ಷಣವಿರಬಹುದು. ಇನ್ನು ಮೊದಲೇ ಹೇಳಿದ ಆ ಗ್ಯಾಸ್ಟ್ರಿಕ್. ಎದೆಯ ನಡುವೆ ಹಿಂಡಿದ ಹಾಗೆ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ಎಡತೋಳಿಗೋ ದವಡೆಗೋ ಹರಿಯುವ ನೋವು, ಮೆಟ್ಟಿಲು ಹತ್ತಿದಾಗ ಹೆಚ್ಚುವ ಉರಿ, ಇವು ಇದ್ದರೆ ಅದು ಹೃದಯವೆಂದೇ ತಿಳಿಯಬೇಕು. ಸೋಡ ಕುಡಿದು ನೋಡೋಣ ಅನ್ನುವ ಅರ್ಧ ಗಂಟೆ ದುಬಾರಿಯಾಗುತ್ತದೆ. ಚಂದಾಪುರದವರಿಗೆ ಹೃದಯದ ದೊಡ್ಡ ಆಸ್ಪತ್ರೆ ಬೊಮ್ಮಸಂದ್ರದಲ್ಲೇ ಇದೆ, ಐದಾರು ಕಿಲೋಮೀಟರೂ ಇಲ್ಲ.

ಎರಡು ತಿಂಗಳ ಮೇಲೆ ಅಕ್ಕನ ಮಗ ಬೆಲ್ಟಿನಲ್ಲಿ ಒಂದು ತೂತು ಹಿಂದಕ್ಕೆ ಬಂದಿದ್ದಾನೆ. ಹೊಟ್ಟೆಯ ಸುತ್ತಳತೆ ಇಳಿದಷ್ಟೂ ಜಠರದ ಮೇಲಿನ ಒತ್ತಡ ಇಳಿಯುವುದರಿಂದ ಅದರ ಪಾಲೂ ಇದರಲ್ಲಿದೆ. ಬಿರಿಯಾನಿ ಬಿಟ್ಟಿಲ್ಲ, ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ತಿನ್ನುತ್ತಾನೆ. ಅಕ್ಕನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. 'ರಾತ್ರಿ ಮಗ ಬಂದ್ರೆ ಒಂದು ಲೋಟ ಗಂಜಿ ಕೊಟ್ಟು ಮಲಗಿಸ್ತೀನಲ್ಲೋ, ನೋಡಿದೋರು ಏನಂದ್ಕೋತಾರೆ' ಅಂತಾಳೆ.

ಕೊನೆಗೆ ಒಂದು ಮಾತು, ಕಾರ್ಖಾನೆಗಳ ಕ್ಯಾಂಟೀನ್ ಸಮಿತಿಗಳಿಗೆ. ಬಹಳ ಕಾರ್ಮಿಕರಿರುವ ಕಡೆ ಕ್ಯಾಂಟೀನ್ ಇರಬೇಕು, ಅದರ ಆಡಳಿತ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿರಬೇಕು ಎಂಬ ಏರ್ಪಾಡು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂತು. ಆ ಪ್ರತಿನಿಧಿಗಳು ಎರಡನೇ ಶಿಫ್ಟಿನ ಏಳು ಗಂಟೆಯ ಊಟದಲ್ಲಿ ಹುಣಸೆಯಿಲ್ಲದ ಒಂದು ಬೇಳೆ-ತರಕಾರಿ ಕೂಟು ಇಡಿಸಲಿ, ಖಾರದ ಚಟ್ನಿಯನ್ನು ಉಪ್ಪುಸಾರಿನ ಹಾಗೆ ಬೇರೆ ಬಟ್ಟಲಲ್ಲಿ ಇಡಿಸಲಿ. ಬೇಕಾದವರು ಹಾಕಿಕೊಳ್ಳುತ್ತಾರೆ.